ಸೀರೆ ಖಾಲಿಯಾದಾಗ ಸರದಿ ಬರೆದುಕೊಳ್ಳುವುದು ಹೇಗೆ? ನಿಮ್ಮ ಅನುಭವ ತಿಳಿಸಿ

ಮೊಳಕಾಲ್ಮೂರಿನ ನೇಕಾರ ಕುಟುಂಬದವರು ಕೇಳಿದ್ದು:
ನಮ್ಮದು ನಾಲ್ಕು ಕೈಮಗ್ಗ. ಹಸಿರು ಮೈ, ಕುಂಕುಮ ಬಣ್ಣದ ಅಂಚಿನ ರೇಷ್ಮೆ ಸೀರೆಯ ಚಿತ್ರವನ್ನು ವಾಟ್ಸಾಪ್‌ನಲ್ಲಿ ಹಾಕಿದ ದಿನವೇ ಎಲ್ಲವೂ ಮಾರಾಟವಾದವು. ಇನ್ನೂ ಎಪ್ಪತ್ತು ಜನ ಕೇಳುತ್ತಿದ್ದಾರೆ. ಕೊಂಡವರಲ್ಲಿ ಒಬ್ಬರು ಅದನ್ನೇ ಎರಡು ಸಾವಿರ ರೂಪಾಯಿ ಹೆಚ್ಚಿಗೆ ಹೇಳಿ ಬೇರೆ ಕಡೆ ಮಾರಾಟಕ್ಕೆ ಇಟ್ಟಿದ್ದಾರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಎಂಟು ವಾರವಿದೆ. ಕೇಳಿದವರ ಮನಸ್ಸು ನೋಯದಂತೆ, ಮರುಮಾರಾಟಕ್ಕೂ ದಾರಿಯಾಗದಂತೆ ‘ಖಾಲಿಯಾಗಿದೆ, ಸರದಿ ಬರೆಸಿ’ ಎಂದು ಹೇಗೆ ತಿಳಿಸಬೇಕು?

ದಾವಣಗೆರೆಯ ಬಟ್ಟೆ ಅಂಗಡಿಯವರು:
ಅರ್ಧ ಹಣ ಮುಂಗಡ ಕಟ್ಟಿಸಿಕೊಳ್ಳಿ. ಸುಮ್ಮನೆ ಕೇಳುವವರು ತಾವಾಗಿಯೇ ಹಿಂದೆ ಸರಿಯುತ್ತಾರೆ, ನಿಜವಾಗಿ ಬೇಕಾದವರು ಮಾತ್ರ ಉಳಿಯುತ್ತಾರೆ. ಒಬ್ಬರಿಗೆ ಒಂದೇ ಸೀರೆ ಎಂದು ಖಡಾಖಂಡಿತವಾಗಿ ಹೇಳಿ. ಇನ್ನೊಂದು ಮಾತು. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇರುವುದರಿಂದ, ಹೆಚ್ಚು ಬೆಲೆಗೆ ಮಾರಿದವರ ಮೇಲೆ ದೂರು ಕೊಡಲು ಅವಕಾಶವಿದೆ. ಅದನ್ನೂ ಸಂದೇಶದಲ್ಲಿ ಬರೆದುಬಿಡಿ, ಹೆದರುತ್ತಾರೆ.

ಹರಿಹರದಲ್ಲಿ ಉಪ್ಪಿನಕಾಯಿ ಮಾಡುವವರು:
ನನಗೂ ಪ್ರತಿ ವರ್ಷ ಇದೇ ಗೋಳು. ಮಾವಿನ ಕಾಯಿಯ ಕಾಲ ಮುಗಿಯುವ ಮೊದಲೇ ಭರಣಿಗಳು ಬರಿದಾಗುತ್ತವೆ. ನೀವು ಇನ್ನೂ ನಾಲ್ಕು ಮಗ್ಗ ಹಾಕಿಸಿದರೆ ಸರದಿಯ ಪ್ರಶ್ನೆಯೇ ಬರುವುದಿಲ್ಲವಲ್ಲ? ನಾನು ಕಳೆದ ಸಲ ಇನ್ನಿಬ್ಬರು ಹೆಂಗಸರನ್ನು ಕೆಲಸಕ್ಕೆ ಸೇರಿಸಿಕೊಂಡೆ, ಎಲ್ಲರಿಗೂ ಸಿಕ್ಕಿತು. ಹೇಗೂ ಹಳೆಯ ಗಿರಾಕಿಗಳಿಗೆ ಮೊದಲು ಫೋನ್ ಮಾಡಿ ತಿಳಿಸಿ. ಹೊಸಬರಿಗಿಂತ ಮೊದಲು ಅವರಿಗೆ ಹೇಳದಿದ್ದರೆ ಬಹಳ ಬೇಸರ ಮಾಡಿಕೊಳ್ಳುತ್ತಾರೆ.

ಚಿತ್ರದುರ್ಗದಿಂದ, ಕೈಮಗ್ಗ ಸೀರೆಗಳ ಮಾರಾಟ ನೋಡಿಕೊಂಡಿದ್ದವರು:
ಉಪ್ಪಿನಕಾಯಿಯ ಅಕ್ಕ, ಹೊಸ ಮಗ್ಗ ಹಾಕಿಸಿದರೂ ಅದರ ಮೇಲೆ ಕೂರುವ ಕೈ ಬೇಕಲ್ಲ. ಮೈಗೊಂದು ಬಣ್ಣ, ಅಂಚಿಗೊಂದು ಬಣ್ಣದ ಸೀರೆಗೆ ಮೂರು ಲಾಳಿ ಆಡಬೇಕು, ಪಕ್ಕದಲ್ಲಿ ಇನ್ನೊಬ್ಬರು ಕೈಗೂಡಿಸಬೇಕು. ಅದು ಎಂಟು ವಾರದಲ್ಲಿ ಕಲಿಸಿ ಮುಗಿಸುವ ಕೆಲಸವಲ್ಲ. ಹಳೆಯ ಗಿರಾಕಿಗಳ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಗುಟ್ಟಾಗಿ ಕೊಟ್ಟರೆ ಉಳಿದವರಿಗೆ ಅನ್ಯಾಯವೆನಿಸುತ್ತದೆ. ‘ಇಷ್ಟು ಸೀರೆ ಹಿಂದೆ ಕೊಂಡವರಿಗೆ’ ಎಂದು ಮೊದಲೇ ಎಲ್ಲರೆದುರು ಹೇಳಿಬಿಟ್ಟರೆ ಯಾರೂ ತಕರಾರು ಮಾಡುವುದಿಲ್ಲ.

ದೂರಿನ ವಿಷಯದಲ್ಲಿ ಅಂಗಡಿಯ ಸರ್ ಹೇಳಿದ್ದು ಅರ್ಧ ನಿಜ. 2011ರಲ್ಲಿ ಬಂದ ಆ ಮಾನ್ಯತೆ ಹೆಸರನ್ನು ಕಾಯುತ್ತದೆ. ವಿದ್ಯುತ್ ಮಗ್ಗದ ಸೀರೆಯನ್ನು ಮೊಳಕಾಲ್ಮೂರು ಸೀರೆ ಎಂದು ಮಾರಿದರೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಅಸಲಿ ಸೀರೆಯನ್ನು ಹಣ ಕೊಟ್ಟು ಕೊಂಡವರು ಅದನ್ನು ಯಾವ ಬೆಲೆಗೆ ಮಾರಿದರೂ ಆ ಮಾನ್ಯತೆಯ ಬಲದಿಂದ ತಡೆಯಲಾಗದು. ಆದ್ದರಿಂದ ಬೆದರಿಕೆಯ ಸಾಲು ಬೇಡ. ಅದು ಒಳ್ಳೆಯ ಗಿರಾಕಿಗೆ ಚುಚ್ಚುತ್ತದೆ, ಮರುಮಾರಾಟದವರಿಗೆ ತಾಕುವುದಿಲ್ಲ.

ಮರುಮಾರಾಟದವರ ಲಾಭ ಎಲ್ಲಿಂದ ಹುಟ್ಟುತ್ತದೆ ನೋಡಿ. ‘ಇದು ಮತ್ತೆ ಬರುತ್ತದೋ ಇಲ್ಲವೋ’ ಎಂಬ ಅನುಮಾನದಿಂದ. ಇದೇ ಸೀರೆ ಇದೇ ದರಕ್ಕೆ ಇಂಥ ತಿಂಗಳು ಸಿಗುತ್ತದೆ ಎಂದು ನೇಯುವವರೇ ಹೇಳಿದರೆ, ಎರಡು ಸಾವಿರ ಹೆಚ್ಚು ಕೊಡಲು ಬಹಳ ಜನ ಮುಂದೆ ಬರುವುದಿಲ್ಲ. ಖಾಲಿಯಾದ ಕೂಡಲೇ ಹಳೆಯ ಚಿತ್ರವನ್ನೂ ದರವನ್ನೂ ಅಳಿಸಿಬಿಡುವವರಿದ್ದಾರೆ. ನೀವು ಅಳಿಸಬೇಡಿ. ಬೇರೆಡೆ ನೋಡಿದವರಿಗೆ ನಿಜವಾದ ದರ ತಿಳಿಯುವುದು ಆ ಚಿತ್ರದಿಂದಲೇ. ‘ಒಂದೇ ಗಂಟೆಯಲ್ಲಿ ಖಾಲಿ’, ‘ಕೊನೆಯ ಮೂರು’ ಎಂಬಂಥ ಮಾತುಗಳನ್ನೂ ಬರೆಯಬೇಡಿ. ಅದನ್ನು ಓದಿ ಹಿಗ್ಗುವವರು ಮರುಮಾರಾಟದವರು ಮಾತ್ರ.

ಒಂದು ವಿಷಯ ಕೇಳಬೇಕಿತ್ತು. ನಿಮ್ಮ ಮಗ್ಗಕ್ಕೆ ಒಮ್ಮೆ ಏರಿಸುವ ಒಂದು ಹಾಸು ನೂಲಿನಿಂದ ಎಷ್ಟು ಸೀರೆ ಇಳಿಯುತ್ತವೆ? ಒಂದಕ್ಕೆ ಎಷ್ಟು ದಿನ? ಎಪ್ಪತ್ತು ಜನರ ಹೆಸರನ್ನೂ ಬರೆದುಕೊಂಡಿದ್ದೀರಾ?

ಕೇಳಿದವರು:
ಒಂದು ಹಾಸಿನಿಂದ ಮೂರು ಸೀರೆ, ಒಂದೊಂದಕ್ಕೂ ಒಂದು ವಾರ. ಹಾಸು ಮುಗಿದ ಮೇಲೆ ಹೊಸ ಎಳೆಗಳನ್ನು ಹಳೆಯ ಎಳೆಗಳಿಗೆ ಹೊಸೆದು ಕೂಡಿಸಲು ಮೂರು ದಿನ. ಅಮಾವಾಸ್ಯೆಗೆ ಮಗ್ಗ ನಿಲ್ಲಿಸುತ್ತೇವೆ. ಹೆಸರುಗಳನ್ನು ಇನ್ನೂ ಬರೆದಿಲ್ಲ, ಎಲ್ಲರನ್ನೂ ಒಂದು ವಾಟ್ಸಾಪ್ ಗುಂಪಿಗೆ ಸೇರಿಸೋಣ ಎಂದುಕೊಂಡಿದ್ದೆವು.

ಚಿತ್ರದುರ್ಗದವರು:
ಗುಂಪು ಬೇಡವೇ ಬೇಡ. ಗುಂಪಿನಲ್ಲಿ ಪ್ರತಿಯೊಬ್ಬರ ಫೋನ್ ಸಂಖ್ಯೆಯೂ ಎಲ್ಲರಿಗೂ ಕಾಣುತ್ತದೆ. ಸೀರೆ ಸಿಗದೆ ಕಾಯುತ್ತಿರುವ ಎಪ್ಪತ್ತು ಜನರ ಪಟ್ಟಿಯನ್ನು ಮರುಮಾರಾಟದವರ ಕೈಗೆ ನೀವೇ ಕೊಟ್ಟಂತಾಗುತ್ತದೆ. ಪ್ರಸಾರ ಪಟ್ಟಿ ಮಾಡಿಕೊಳ್ಳಿ. ಅದರಲ್ಲಿ ಸಂದೇಶ ಒಬ್ಬೊಬ್ಬರಿಗೂ ಬೇರೆಯಾಗಿಯೇ ಹೋಗುತ್ತದೆ. ನಿಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ, ಅದನ್ನು ಮೊದಲೇ ಹೇಳಿಬಿಡಿ.

ಈಗ ಲೆಕ್ಕಕ್ಕೆ ಬರೋಣ. ಒಂದು ಹಾಸು ನೇಯಲು ಮೂರು ವಾರ, ಕೂಡಿಸಲು ಮೂರು ದಿನ, ಅಂದರೆ ಸುಮಾರು ಮೂರೂವರೆ ವಾರ. ಏಳು ವಾರದಲ್ಲಿ ಒಂದು ಮಗ್ಗದಿಂದ ಎರಡು ಹಾಸು, ಆರು ಸೀರೆ. ಎಂಟನೆಯ ವಾರ ಕುಚ್ಚು ಕಟ್ಟಲು, ಕೊರಿಯರ್‌ಗೆ ಹೋಗುತ್ತದೆ. ನಾಲ್ಕು ಮಗ್ಗಕ್ಕೆ ಇಪ್ಪತ್ತನಾಲ್ಕು. ಆದರೆ ಹಬ್ಬಕ್ಕೆ ಎಂದು ಮಾತು ಕೊಡುವುದು ಹದಿನೆಂಟಕ್ಕೆ ಮಾತ್ರ. ಒಂದು ಮಗ್ಗವನ್ನು ಲೆಕ್ಕದಿಂದ ಹೊರಗಿಡಿ. ಅಮಾವಾಸ್ಯೆ, ನೇಯುವವರ ಜ್ವರ, ಅಂಚಿನಲ್ಲಿ ಎಳೆ ತಪ್ಪಿದ ಸೀರೆ, ಎಲ್ಲವನ್ನೂ ಆ ಆರು ಸೀರೆಗಳೇ ತುಂಬಿಕೊಡಬೇಕು. ಉಳಿದರೆ ಹತ್ತೊಂಬತ್ತನೆಯವರಿಗೆ ‘ನಿಮ್ಮದು ಬೇಗ ಸಿದ್ಧವಾಯಿತು’ ಎಂದು ಫೋನ್ ಮಾಡಬಹುದು. ತಡವಾಯಿತೆಂದು ಹಬ್ಬದ ಹಿಂದಿನ ದಿನ ಹೇಳುವುದಕ್ಕಿಂತ ಅದು ಎಷ್ಟೋ ಮೇಲು.

ಹಬ್ಬದಿಂದ ದೀಪಾವಳಿಯವರೆಗೆ ಹತ್ತು ವಾರಕ್ಕೂ ಸ್ವಲ್ಪ ಹೆಚ್ಚು ಸಿಗುತ್ತದೆ. ನಡುವೆ ಗಣೇಶ, ದಸರಾ ಇರುವುದರಿಂದ ಮೂರು ಮಗ್ಗದಲ್ಲಿ ಎರಡೆರಡು ಹಾಸನ್ನಷ್ಟೇ ಹಿಡಿಯಿರಿ. ಇನ್ನು ಹದಿನೆಂಟು. ಅಲ್ಲಿಗೆ ಮೂವತ್ತಾರು ಜನರಿಗೆ ಸರದಿ ಸಂಖ್ಯೆ ಕೊಡಬಹುದು. ಉಳಿದ ಮೂವತ್ತನಾಲ್ಕು ಜನರಿಗೆ ಸಂಖ್ಯೆ ಕೊಡಬೇಡಿ. ಅವರನ್ನು ಬೇರೆ ಪಟ್ಟಿಯಲ್ಲಿ ಬರೆದು, ಮುಂದಿನ ಹಾಸು ಏರಿಸುವಾಗ ತಿಳಿಸುತ್ತೇವೆ, ಮಾತು ಕೊಟ್ಟಿಲ್ಲ ಎಂದು ನೇರವಾಗಿ ಹೇಳಿ. ಐವತ್ತೆಂಟನೆಯ ಸಂಖ್ಯೆ ಹಿಡಿದು ತಿಂಗಳುಗಟ್ಟಲೆ ಕಾದವರಿಗೆ ಆಗುವ ಬೇಸರ, ಮೊದಲ ದಿನವೇ ‘ಈ ಸಲ ಆಗದು’ ಎಂದು ಕೇಳಿದವರಿಗೆ ಆಗುವುದಿಲ್ಲ.

ಸಂದೇಶ ಹೀಗಿರಲಿ:

‘ಹಸಿರು ಮೈ, ಕುಂಕುಮ ಅಂಚಿನ ಸೀರೆಗಳೆಲ್ಲವೂ ಮಾರಾಟವಾಗಿವೆ. ಇದನ್ನೇ ಮತ್ತೆ ನೇಯುತ್ತಿದ್ದೇವೆ. ಸರದಿ ಪಡೆದವರಿಗೆ ದರ ಬದಲಾಗುವುದಿಲ್ಲ. ಹಬ್ಬಕ್ಕೆ ಮೊದಲು ಹದಿನೆಂಟು, ದೀಪಾವಳಿಯೊಳಗೆ ಇನ್ನು ಹದಿನೆಂಟು ಸೀರೆ ಕೊಡಬಲ್ಲೆವು. ಕೇಳಿದ ಕ್ರಮದಲ್ಲಿ ಸರದಿ. ಈಗ ಹಣ ಬೇಡ. ಸರದಿ ಬಂದಾಗ ನಾವೇ ತಿಳಿಸುತ್ತೇವೆ, ಎರಡು ದಿನದೊಳಗೆ ಹೇಳಿ. ಬೇಡವಾದರೆ ಸರದಿಯನ್ನು ನಮಗೇ ಮರಳಿಸಿ, ಮುಂದಿನವರಿಗೆ ಕೊಡುತ್ತೇವೆ. ಸೀರೆ ನೀವು ಬರೆಸಿದ ಹೆಸರಿಗೇ ಬರುತ್ತದೆ.’

ಕೊನೆಯ ಎರಡು ಸಾಲು ಮುಖ್ಯ. ಸರದಿಯನ್ನು ಮರಳಿಸಲು ಸುಲಭದ ದಾರಿ ಇದ್ದರೆ ಅದನ್ನು ಇನ್ನೊಬ್ಬರಿಗೆ ಮಾರುವ ಯೋಚನೆಯೇ ಬರುವುದಿಲ್ಲ. ಬರೆಸಿದ ಹೆಸರಿಗೇ ರಸೀದಿ ಹಾಕಿ, ಸೀರೆಯೊಡನೆ ಒಂದು ಚಿಕ್ಕ ಚೀಟಿಯಲ್ಲಿ ಯಾವ ಮಗ್ಗ, ಎಂದು ಇಳಿಯಿತು, ಯಾರಿಗಾಗಿ ಎಂದು ಬರೆದಿಡಿ.

ಇನ್ನೊಂದು ಉಪಾಯ ನಾನು ಕಣ್ಣಾರೆ ಕಂಡದ್ದು. ಕಳಿಸುವ ಮೊದಲು ಸೆರಗಿಗೆ ಗಿರಾಕಿ ಕೇಳಿದ ಬಣ್ಣದಲ್ಲಿ ಕುಚ್ಚು ಕಟ್ಟಿ, ಫಾಲ್ ಹೊಲಿಸಿ ಕೊಡುವುದು. ಉಡುವವರಿಗೆ ದರ್ಜಿಯ ಬಳಿ ಅಲೆಯುವುದು ತಪ್ಪುತ್ತದೆ, ಪೊಟ್ಟಣ ಬಿಚ್ಚಿ ಅಂದೇ ಉಡಬಹುದು. ಮಾರಲೆಂದು ಕೊಳ್ಳುವವರಿಗೆ ಮಾತ್ರ ಇದು ಬೇಡದ ಸೌಲಭ್ಯ, ಏಕೆಂದರೆ ಕುಚ್ಚು ಕಟ್ಟಿ ಫಾಲ್ ಹೊಲಿದ ಸೀರೆಯನ್ನು ಮಡಿಕೆ ಬಿಚ್ಚದ ಹೊಸ ಸೀರೆಯೆಂದು ಯಾರೂ ಕೊಳ್ಳುವುದಿಲ್ಲ. ‘ಕುಚ್ಚು ಯಾವ ಬಣ್ಣದಲ್ಲಿ ಬೇಕು?’ ಎಂದು ಕೇಳಿ ನೋಡಿ. ಉಡುವವರು ರವಿಕೆಯ ಬಣ್ಣದವರೆಗೂ ಮಾತಾಡುತ್ತಾರೆ. ಉಡುಗೊರೆಗೆ ಕೊಳ್ಳುವವರೂ ಕುಚ್ಚು ಬೇಡ ಎನ್ನಬಹುದು, ಹಾಗಾಗಿ ಬೇಡ ಎಂದವರನ್ನೆಲ್ಲ ಅನುಮಾನಿಸಬೇಡಿ.

ದಾವಣಗೆರೆಯ ಗ್ರಾಹಕಿ:
ನಾನು ಕೊಳ್ಳುವವಳಾಗಿ ಹೇಳುತ್ತೇನೆ. ಒಬ್ಬರಿಗೆ ಒಂದೇ ಸೀರೆ ಎಂದರೆ ಮದುವೆ ಮನೆಯವರು ಏನು ಮಾಡಬೇಕು? ಮಗಳ ಮದುವೆಯ ಜವಳಿ ತೆಗೆಯುವಾಗ ಬೀಗರಿಗೆ, ನಾದಿನಿಗೆ, ಸೋದರತ್ತೆಗೆ ಎಂದು ಐದಾರು ಸೀರೆ ಬೇಕೇ ಬೇಕು. ಒಂದು ಕಡೆ ಐದು ಕೇಳಿದ್ದಕ್ಕೆ ‘ನೀವು ಮಾರಲು ಕೊಳ್ಳುತ್ತಿದ್ದೀರಾ?’ ಎಂದು ಕೇಳಿದರು. ಬಹಳ ನೋವಾಯಿತು, ಮತ್ತೆ ಆ ಕಡೆ ಹೋಗಲಿಲ್ಲ. ಸರದಿಯಲ್ಲಿ ನಿಂತವರಿಗೆ ನಡುವೆ ಒಮ್ಮೆಯಾದರೂ ಸುದ್ದಿ ಕೊಡಿ. ಹಾಸು ಏರಿಸಿದ ದಿನ ಮಗ್ಗದ ಒಂದು ಚಿತ್ರ ಕಳಿಸಿದರೂ ಸಾಕು, ನಾವು ನೆಮ್ಮದಿಯಿಂದ ಕಾಯುತ್ತೇವೆ.

ಚಿತ್ರದುರ್ಗದವರು:
ಮೇಡಂ ಹೇಳಿದ್ದು ನ್ಯಾಯವಾದ ಮಾತು. ಮದುವೆಯ ಜವಳಿಯನ್ನು ಈ ಸರದಿಯಿಂದ ಹೊರಗಿಡುವುದೇ ಒಳ್ಳೆಯದು. ಅವರಿಗೆಂದೇ ಒಂದೆರಡು ಹಾಸು ಬೇರೆ ಏರಿಸಿ, ಬಣ್ಣ ಅವರೇ ಆರಿಸಲಿ, ಮುಂಗಡವೂ ಇರಲಿ. ಲಗ್ನಪತ್ರಿಕೆ ತೋರಿಸಿ ಎಂದು ಕೇಳಬಾರದು ಎಂಬುದು ನನ್ನ ಅಭಿಪ್ರಾಯ. ಆದರೆ ಮದುವೆಯ ಹೆಸರಿನಲ್ಲಿಯೇ ಆರು ಸೀರೆ ಒಯ್ದು ಮಾರುವವರೂ ಇರುತ್ತಾರೆ. ಅದಕ್ಕೆ ಪೂರ್ತಿ ತಡೆ ನನಗೆ ಇನ್ನೂ ಹೊಳೆದಿಲ್ಲ.

ದಾವಣಗೆರೆಯ ಬಟ್ಟೆ ಅಂಗಡಿಯವರು:
ಮಾನ್ಯತೆಯ ವಿಷಯ ತಿಳಿಯಿತು. ಆದರೆ ಮುಂಗಡವನ್ನು ನಾನು ಬಿಟ್ಟುಕೊಡುವುದಿಲ್ಲ. ರೇಷ್ಮೆ ನೂಲು, ಜರಿ ಎರಡಕ್ಕೂ ನೇಯುವವರು ಮೊದಲೇ ಹಣ ಸುರಿಯಬೇಕು. ಹದಿನೆಂಟು ಜನರಲ್ಲಿ ಎಂಟು ಜನ ಕೊನೆಗೆ ಬೇಡವೆಂದರೆ?

ಚಿತ್ರದುರ್ಗದವರು:
ಬೇಡವೆಂದರೆ ಹತ್ತೊಂಬತ್ತನೆಯವರು ಕಾಯುತ್ತಲೇ ಇರುತ್ತಾರಲ್ಲ ಸರ್. ಮುಂಗಡ ಕಟ್ಟಲು ಮರುಮಾರಾಟದವರು ಹಿಂಜರಿಯುವುದಿಲ್ಲ, ಅವರಿಗೆ ಅದು ಬಂಡವಾಳ. ಹಿಂಜರಿಯುವವರು ತಿಂಗಳ ಸಂಬಳದಲ್ಲಿ ಹಬ್ಬಕ್ಕೊಂದು ಸೀರೆ ಕೊಳ್ಳುವವರು. ಹಣ ಕಟ್ಟಿದ ಮೇಲೆ ಸರದಿಗೂ ಒಂದು ಬೆಲೆ ಬಂದುಬಿಡುತ್ತದೆ, ಅದನ್ನೇ ಮಾರಬಹುದು. ನೂಲಿಗೆ ಹಣ ಬೇಕೇ ಬೇಕೆಂದರೆ, ಗಿರಾಕಿಯ ಸೀರೆಯ ಹಾಸು ಮಗ್ಗಕ್ಕೆ ಏರಿದ ದಿನ ಒಂದು ಭಾಗ ಪಡೆಯಲಿ, ಅದಕ್ಕಿಂತ ಮೊದಲು ಬೇಡ.

ಕೇಳಿದವರು:
ಅಣ್ಣ, ನಿಮ್ಮ ಸಂದೇಶವನ್ನು ಇಂದು ರಾತ್ರಿಯೇ ಕಳಿಸುತ್ತೇವೆ. ಕುಚ್ಚು ಕಟ್ಟುವವರು ಓಣಿಯಲ್ಲಿಯೇ ಇಬ್ಬರಿದ್ದಾರೆ, ಮಾತಾಡಿ ಬಂದೆವು. ಮುಂಗಡದ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯವಿದೆ. ಎರಡನೆಯ ಹಾಸಿಗಾಗಿ ನೂಲು ತರುವ ಹೊತ್ತಿಗೆ ಕೈಯಲ್ಲಿ ಹಣ ಎಷ್ಟಿರುತ್ತದೆ ನೋಡಿ ತೀರ್ಮಾನಿಸುತ್ತೇವೆ. ಈಗಾಗಲೇ ಹೆಚ್ಚು ಬೆಲೆಗೆ ಮಾರಾಟಕ್ಕಿಟ್ಟಿರುವವರೇ ಸರದಿಗೂ ಹೆಸರು ಬರೆಸಿದ್ದಾರೆ. ಅವರಿಗೆ ಸಂಖ್ಯೆ ಕೊಡಬೇಕೋ ಬೇಡವೋ, ಅನುಭವ ಇದ್ದವರು ಹೇಳಿ.