ಡಿಎನ್‌ಡಿ ಹಾಕಿದ ಮೇಲೆ ಬ್ಯಾಂಕ್ ಮೆಸೇಜ್ ನಿಂತಿವೆ, ಏನು ಮಾಡಲಿ?

ಸೇಡಂ ತೊಗರಿ: ಸಾಲದ ಕರೆಗಳ ಕಾಟಕ್ಕೆ ಅಪ್ಪನ ನಂಬರಿಗೆ ಕಳೆದ ತಿಂಗಳು ಪೂರ್ತಿ ಡಿಎನ್‌ಡಿ ಹಾಕಿದೆ. ಈಗ ಎಟಿಎಂನಿಂದ ದುಡ್ಡು ತೆಗೆದರೂ, ಫೋನಿನಿಂದ ಕಳಿಸಿದರೂ ಮೆಸೇಜ್ ಇಲ್ಲ. ಒಟಿಪಿ ಮಾತ್ರ ಬರುತ್ತದೆ. ಡಿಎನ್‌ಡಿ ತೆಗೆಯಬೇಕಾ? ಅನುಭವ ಇದ್ದವರು ಹೇಳಿ.

ಶಹಾಪುರ ಬಟ್ಟೆ ಅಂಗಡಿ: ತೆಗೆದುಬಿಡಿ. ನಾನು ತೆಗೆದೆ, ಎರಡೇ ದಿನದಲ್ಲಿ ಮೆಸೇಜ್ ಶುರುವಾದವು. ನನ್ನ ಕಥೆ ಕೇಳಿ. ದೀಪಾವಳಿ ಮುಂದೆ ಅಂಗಡಿ ತುಂಬ ಗಿರಾಕಿ. ಒಬ್ಬರು 2,350 ರೂಪಾಯಿ ಕಳಿಸಿದ್ದೇನೆ ಎಂದು ಫೋನ್ ತೋರಿಸಿದರು, ನನಗೆ ಮೆಸೇಜ್ ಇಲ್ಲ. ಕೊಡಲಿಲ್ಲ ಎಂದು ನಾನು, ಕೊಟ್ಟಿದ್ದೇನೆ ಎಂದು ಅವರು. ರಾತ್ರಿ ಪಾಸ್‌ಬುಕ್ ಎಂಟ್ರಿ ನೋಡಿದರೆ ದುಡ್ಡು ಬಂದಿತ್ತು. ಹತ್ತು ವರ್ಷದ ಗಿರಾಕಿ, ಈಗ ಎದುರಿನ ಅಂಗಡಿಗೆ ಹೋಗುತ್ತಾರೆ. ಅವತ್ತೇ ಡಿಎನ್‌ಡಿ ತೆಗೆಸಿದೆ. ದಿನಕ್ಕೆ ಹತ್ತು ಸಾಲದ ಕರೆ ಬಂದರೂ ಚಿಂತೆಯಿಲ್ಲ.

ಬೀದರ್ ಹಳೇ ಸಿಗ್ನಲ್: ಅಣ್ಣಾ, ನಿಮ್ಮದು ಕಾಕತಾಳೀಯ. ಬ್ಯಾಂಕುಗಳ ಮೆಸೇಜ್ ಕಳಿಸುವ ಕೆಲಸದಲ್ಲಿ ಆರು ವರ್ಷ ಇದ್ದವನು ನಾನು, ಅದಕ್ಕೇ ಹೇಳುತ್ತಿದ್ದೇನೆ. ಡಿಎನ್‌ಡಿ ತಡೆಯುವುದು ಜಾಹೀರಾತನ್ನು. ಅದರಲ್ಲಿ 1ನೇ ವರ್ಗ ಬ್ಯಾಂಕ್, ವಿಮೆ, ಕ್ರೆಡಿಟ್ ಕಾರ್ಡ್ ಮಾರಾಟದ್ದು. 2 ಮನೆ-ಸೈಟು, 3 ಶಿಕ್ಷಣ, ಹೀಗೆ ಹೋಗುತ್ತದೆ. ನಿಮ್ಮ ಖಾತೆಯಿಂದ ದುಡ್ಡು ಹೋಯಿತು ಎನ್ನುವ ಮೆಸೇಜ್ ಯಾವ ವರ್ಗಕ್ಕೂ ಸೇರುವುದಿಲ್ಲ. ಅದು ಸೇವೆಯ ಮೆಸೇಜ್, ಪೂರ್ತಿ ಡಿಎನ್‌ಡಿ ಇದ್ದರೂ ಬರಬೇಕು.

ಕಳಿಸಿದವರ ಹೆಸರಿನ ಕೊನೆಯ ಅಕ್ಷರ ನೋಡಿ. 2025ರಿಂದ ಗೆರೆ ಹಾಕಿ ಒಂದು ಅಕ್ಷರ ಇರುತ್ತದೆ. `-P` ಇದ್ದರೆ ಜಾಹೀರಾತು, `-S` ಇದ್ದರೆ ಸೇವೆ, `-T` ಇದ್ದರೆ ವ್ಯವಹಾರದ್ದು, `-G` ಇದ್ದರೆ ಸರಕಾರದ್ದು. ಡಿಎನ್‌ಡಿಗೆ ಮೊದಲು ಬಂದ ಹಳೇ ಮೆಸೇಜ್ ತೆಗೆದು ನೋಡಿ. ಕೊನೆಗೆ `-P` ಇದ್ದರೆ ತಪ್ಪು ಬ್ಯಾಂಕಿನದು. ಅಲರ್ಟಿನ ಕೆಳಗೆ "ಸಾಲ ಬೇಕಾ" ಎಂದು ಒಂದು ಸಾಲು ಸೇರಿಸಿದರೆ ಇಡೀ ಮೆಸೇಜ್ ಜಾಹೀರಾತಾಗುತ್ತದೆ. ಅಂಥದ್ದನ್ನು ಡಿಎನ್‌ಡಿ ತಡೆದೇ ತಡೆಯುತ್ತದೆ. ಆಗ 1909ಕ್ಕೆ ಹೀಗೆ ಕಳಿಸಿ:

```
UNBLOCK 1
```

ಬ್ಯಾಂಕಿನ ವರ್ಗ ಮಾತ್ರ ತೆರೆಯುತ್ತದೆ, ಉಳಿದವು ಮುಚ್ಚಿಯೇ ಇರುತ್ತವೆ. ಆದರೆ ಇದು ತಾತ್ಕಾಲಿಕ. ಬ್ಯಾಂಕ್ ತನ್ನ ಮೆಸೇಜ್ ಸರಿಮಾಡಬೇಕು, ಅದಕ್ಕೆ ದೂರು ಕೊಡಿ. `-S` ಇದ್ದರೆ ಡಿಎನ್‌ಡಿ ಮುಟ್ಟಲೇಬೇಡಿ.

ಶಹಾಪುರ ಬಟ್ಟೆ ಅಂಗಡಿ: ಕಾಕತಾಳೀಯ ಅಂದರೆ ನಾನು ಸುಳ್ಳು ಹೇಳಿದೆನಾ? ತೆಗೆದೆ, ಬಂತು. ನಿಮ್ಮ ಅಕ್ಷರ ನೋಡುವುದಕ್ಕೆ ಮೊದಲು ಮೆಸೇಜ್ ಬರಬೇಕಲ್ವಾ?

ಬೀದರ್ ಹಳೇ ಸಿಗ್ನಲ್: ಹಳೇದು ನೋಡಿ ಎಂದೇ ಬರೆದಿದ್ದೇನೆ. ನಿಮಗೆ ಒಂದೇ ಪ್ರಶ್ನೆ. ಆ ವಾರದಲ್ಲಿ ಬ್ಯಾಂಕಿಗೆ ಹೋಗಿದ್ದಿರಾ?

ಶಹಾಪುರ ಬಟ್ಟೆ ಅಂಗಡಿ: ಹೋಗಿದ್ದೆ. ಪಾಸ್‌ಬುಕ್ಕಿಗೆ. ಅಲ್ಲಿ ಒಂದು ಫಾರಂಗೆ ಸಹಿ ಮಾಡಿಸಿಕೊಂಡು ನಂಬರ್ ಮತ್ತೆ ಬರೆಸಿಕೊಂಡರು.

ಬೀದರ್ ಹಳೇ ಸಿಗ್ನಲ್: ಅದೇ. ನಿಮ್ಮ ಮೆಸೇಜ್ ಶುರುಮಾಡಿದ್ದು ಆ ಫಾರಂ.

ಯಾದಗಿರಿ ಅಕ್ಕ: ಜಗಳ ಬಿಡಿ. ನಮ್ಮ ಅವ್ವನ ಬಟನ್ ಫೋನಿನದೂ ಇದೇ ತೊಂದರೆ. ಪಿಂಚಣಿ ಬಂದದ್ದು ಮೂರು ತಿಂಗಳು ಗೊತ್ತಾಗಲಿಲ್ಲ. ಪ್ರತಿ ಸಲ ಆಟೋಗೆ ಹೋಗಿ ಬರಲು ಎಂಬತ್ತು ರೂಪಾಯಿ, ಮೇಲೆ ಅರ್ಧ ದಿನದ ಸಾಲು. ಡಿಎನ್‌ಡಿ ಎಂದು ನಾನೂ 1909ಕ್ಕೆ ಕರೆ ಮಾಡಿ ಸುಸ್ತಾದೆ. ಕೊನೆಗೆ ನೋಡಿದರೆ ಪರದೆಯ ಮೂಲೆಯಲ್ಲಿ ಲಕೋಟೆ ಚಿತ್ರ ಮಿಣಮಿಣ ಮಾಡುತ್ತಿತ್ತು. ಮೆಸೇಜಿನ ಜಾಗ ತುಂಬಿತ್ತು. ಕುಳಿತು ಹಳೇ ರಿಚಾರ್ಜ್ ಮೆಸೇಜ್ ಅಳಿಸಿದೆ. ಐದು ನಿಮಿಷದಲ್ಲಿ ಒಂದರ ಹಿಂದೆ ಒಂದು ಹೊಸ ಮೆಸೇಜ್ ಬಂದವು. ಅವ್ವ "ಇಷ್ಟು ದಿನ ಎಲ್ಲಿದ್ದವು" ಎಂದು ಕೇಳಿದಳು. ಪಿಂಚಣಿಯ ಮೆಸೇಜ್ ಮಾತ್ರ ಬರಲಿಲ್ಲ, ಬಹಳ ದಿನ ಆಗಿತ್ತಲ್ಲ.

ಕಲಬುರಗಿ ರಾತ್ರಿಪಾಳಿ: ಬಟನ್ ಫೋನ್ ಇಲ್ಲಿ ಯಾರದೂ ಅಲ್ಲ ಅಕ್ಕಾ. ನನ್ನದು ಫೋನಿನೊಳಗಿನ ಡಿಎನ್‌ಡಿ. ಹಗಲು ಮಲಗುವವನು, ಅದಕ್ಕೆ ಬೆಳಿಗ್ಗೆ 8ರಿಂದ 4ರವರೆಗೆ `Do Not Disturb` ಹಾಕಿದ್ದೆ. ಮೆಸೇಜ್ ಬರುತ್ತಿತ್ತು, ಸದ್ದು ಇಲ್ಲ. ಇನ್ನು ಕೆಲವನ್ನು ಫೋನೇ `Spam & blocked` ಒಳಗೆ ಹಾಕಿತ್ತು. ಅದರೊಳಗೆ ಐದು ಡೆಬಿಟ್ ಮೆಸೇಜ್ ಇದ್ದವು. ಆ ಐದರಲ್ಲಿ ನನಗೆ ಗೊತ್ತಿಲ್ಲದೆ 14,800 ರೂಪಾಯಿ ಹೋಗಿದೆ. ನಾನು ನೋಡಿದ್ದು ಹನ್ನೊಂದನೇ ದಿನ.

ದೂರು ಕೊಟ್ಟೆ. ರಿಸರ್ವ್ ಬ್ಯಾಂಕಿನ 2017ರ ನಿಯಮ ತೋರಿಸಿದರು. ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದಿದ್ದರೆ, ಬ್ಯಾಂಕಿನ ಸೂಚನೆ ಸಿಕ್ಕ ಮೇಲೆ 3 ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಮ್ಮದಲ್ಲ. 4ರಿಂದ 7 ಕೆಲಸದ ದಿನವಾದರೆ ಉಳಿತಾಯ ಖಾತೆಗೆ 10,000 ರೂಪಾಯಿವರೆಗೆ ನಮ್ಮದು. ಅದನ್ನೂ ದಾಟಿದರೆ ಬ್ಯಾಂಕಿನ ಬೋರ್ಡ್ ನೀತಿಯಂತೆ. "ನಮ್ಮ ಕಡೆಯಿಂದ ಮೆಸೇಜ್ ತಲುಪಿದೆ, ದಾಖಲೆ ಇದೆ" ಎಂದು ಬರೆದು ಕೊಟ್ಟರು. ನನ್ನ ಫೋನಿನ ಕಸದಬುಟ್ಟಿಯಲ್ಲಿ ಬಿದ್ದದ್ದು ನನಗೆ ತಲುಪಿದ ಹಾಗಾ?

ಬೀದರ್ ಹಳೇ ಸಿಗ್ನಲ್: ತಮ್ಮಾ, ನೆಟ್‌ವರ್ಕಿನ ಪ್ರಕಾರ ಅದು ತಲುಪಿದೆ. ಅಲ್ಲಿ ಸೋಲುತ್ತೀಯ.

ಕಲಬುರಗಿ ರಾತ್ರಿಪಾಳಿ: ಹಾಗಾದರೆ ನೀವು ಬ್ಯಾಂಕಿನ ಪರ. ನಿಮ್ಮ ಹಳೇ ಕೆಲಸ ಬಿಟ್ಟಿಲ್ಲ. ನಾನು ಓಂಬುಡ್ಸ್‌ಮನ್ ವರೆಗೆ ಹೋಗುತ್ತೇನೆ.

ಬೀದರ್ ಹಳೇ ಸಿಗ್ನಲ್: ಹೋಗು, ನಾನು ತಡೆಯುವುದಿಲ್ಲ. ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟಿರಬೇಕು, ಅವರು ತಳ್ಳಿಹಾಕಿರಬೇಕು ಇಲ್ಲವೇ 30 ದಿನ ಉತ್ತರ ಕೊಡದಿರಬೇಕು, ಅಷ್ಟೇ. ಸೇಡಂನವರೇ, ನಿಮ್ಮ ಮಾತಿನಲ್ಲಿ ಒಂದು ಮುಖ್ಯ ಸುಳಿವು ಇದೆ. ಒಟಿಪಿ ಬರುತ್ತಿದೆ ಎಂದರೆ ನೆಟ್‌ವರ್ಕ್, ಸಿಮ್, ಬ್ಯಾಂಕಿನಲ್ಲಿರುವ ನಂಬರ್ ಮೂರೂ ಸರಿ. ಹಾಗಾದರೆ ನೋಡಬೇಕಾದ್ದು ಎರಡೇ. ಮೊದಲು ಫೋನಿನ ಸ್ಪ್ಯಾಮ್ ಪಟ್ಟಿ. ಅಲ್ಲಿ ಇಲ್ಲದಿದ್ದರೆ ಬ್ಯಾಂಕಿನ ಆ್ಯಪಿನಲ್ಲಿ ಅಲರ್ಟ್ ಸೆಟ್ಟಿಂಗ್. ಎಷ್ಟು ರೂಪಾಯಿ ಮೇಲಿದ್ದರೆ ಮೆಸೇಜ್ ಕಳಿಸಬೇಕು ಎಂದು ಕೆಲವು ಬ್ಯಾಂಕ್ ಕೇಳುತ್ತವೆ. ಕೆಲವು ಬ್ಯಾಂಕ್ ಸಣ್ಣ ಯುಪಿಐಗೆ ಮೆಸೇಜ್ ಕಳಿಸುವುದನ್ನೇ ನಿಲ್ಲಿಸಿವೆ.

ಶಹಾಪುರ ಬಟ್ಟೆ ಅಂಗಡಿ: ನಿಲ್ಲಿಸಿದರೂ ಮೂರು ತಿಂಗಳಿಗೊಮ್ಮೆ ಮೆಸೇಜ್ ಚಾರ್ಜ್ ಹಿಡಿಯುತ್ತಾರೆ. ನನ್ನ ಪಾಸ್‌ಬುಕ್ಕಿನಲ್ಲಿ 17 ರೂಪಾಯಿ 70 ಪೈಸೆ ನಾಲ್ಕು ಸಲ ಇದೆ. ಅದರ ಬಗ್ಗೆ ಹೇಳಿ ಸಾಹೇಬರೇ.

ಬೀದರ್ ಹಳೇ ಸಿಗ್ನಲ್: 15 ಮತ್ತು ಜಿಎಸ್‌ಟಿ. ಅದನ್ನು ಬ್ಯಾಂಕಿನವರನ್ನೇ ಕೇಳಿ.

ಯಾದಗಿರಿ ಅಕ್ಕ: ನಮ್ಮ ಅವ್ವನಿಂದಲೂ ಹಿಡಿಯುತ್ತಾರೆ. ಪಿಂಚಣಿ ಖಾತೆಗೂ ಹಿಡಿಯುವುದು ಯಾವ ನ್ಯಾಯ?

ಸೇಡಂ ತೊಗರಿ: ನೋಡಿದೆ. ಸ್ಪ್ಯಾಮ್‌ನಲ್ಲಿ ಏನೂ ಇಲ್ಲ. ಹಳೇ ಅಲರ್ಟಿನ ಕೊನೆಗೆ `-S` ಇದೆ. ಆ್ಯಪಿನಲ್ಲಿ ಡೆಬಿಟ್ ಅಲರ್ಟ್ 5,000ಕ್ಕೆ ಇಟ್ಟಿದೆ. ಅಪ್ಪ ತೆಗೆಯುವುದು 2,000, 3,000. ಯಾವಾಗ ಯಾರು ಹಾಗೆ ಇಟ್ಟರೋ ಅಪ್ಪನಿಗೂ ನೆನಪಿಲ್ಲ. 1 ರೂಪಾಯಿಗೆ ಬದಲಿಸಿ, ನನಗೆ 100 ರೂಪಾಯಿ ಕಳಿಸಿ ನೋಡಿದೆ. ಮೆಸೇಜ್ ಬಂತು. ಎಟಿಎಂದು ನಾಳೆ ನೋಡುತ್ತೇನೆ. ಡಿಎನ್‌ಡಿ ಹಾಗೇ ಇದೆ.

ಶಹಾಪುರ ಬಟ್ಟೆ ಅಂಗಡಿ: ಎಟಿಎಂದು ಬರದಿದ್ದರೆ ಡಿಎನ್‌ಡಿ ತೆಗೆಯಿರಿ, ನೋಡಿ.