ಬೈಕ್ ಶಾಟ್‌ನಲ್ಲಿ ಬದಲಿಸಿದ ಮುಖ ನಡುಗುತ್ತಿದೆ

ಮೂಡಿಗೆರೆಯಿಂದ ಪ್ರಶ್ನೆ: ನಮ್ಮ ಕಿರುಚಿತ್ರದಲ್ಲಿ ಘಾಟಿ ರಸ್ತೆಯಲ್ಲಿ ಬೈಕ್ ಓಡಿಸಿದ್ದು ಡೂಪ್. ಇಬ್ಬರ ಒಪ್ಪಿಗೆ ಪಡೆದು ನಾಯಕನ ಮುಖ ಕೂರಿಸಿದ್ದೇವೆ. ಮಾಡೆಲ್ `inswapper_128`. ಫ್ರೇಮ್ ನಿಲ್ಲಿಸಿದರೆ ಚೆನ್ನಾಗಿದೆ. ಓಡಿಸಿದರೆ ಮುಖ ನಡುಗುತ್ತದೆ, ಚರ್ಮ ಮಿನುಗುತ್ತದೆ, ತಿರುಗಿದಾಗ ಡೂಪ್ ಥರಾನೇ ಕಾಣುತ್ತಾನೆ. ಅನುಭವ ಇದ್ದವರು ಹೇಳಿ.

ಹಾಸನದ ಮದುವೆ ವಿಡಿಯೊ ಎಡಿಟರ್: ಡಾವಿಂಚಿ ರಿಸಾಲ್ವ್‌ನಲ್ಲಿ ಡಿಫ್ಲಿಕರ್ ಹಾಕಿ ಸರ್, ಮುಗೀತು. ಛತ್ರದ ಎಲ್‌ಇಡಿ ದೀಪಗಳ ಮಿನುಗು ನಾನು ಹಾಗೇ ತೆಗೆಯೋದು.

ಚಿಕ್ಕಮಗಳೂರಿನ ಕಂಪೋಸಿಟರ್: ಬೆಳಕು ಏರಿಳಿದರೆ ಅದು ಸರಿ. ಆದರೆ ಮುಖವೇ ಜಾಗ ಬಿಟ್ಟು ಕದಲುತ್ತಿದ್ದರೆ ಡಿಫ್ಲಿಕರ್ ಅದನ್ನು ಹಿಡಿಯೋದಿಲ್ಲ. ಮೂಡಿಗೆರೆಯವರೇ, ಫ್ರೇಮಿನಲ್ಲಿ ಮುಖ ಎಷ್ಟು ದೊಡ್ಡದಿದೆ? ಎನ್‌ಹ್ಯಾನ್ಸರ್ ಹಾಕಿದ್ದೀರಾ?

ಮೂಡಿಗೆರೆ: ಎತ್ತರ ಸುಮಾರು 180 ಪಿಕ್ಸೆಲ್. 25 ಎಫ್‌ಪಿಎಸ್. `GFPGAN` ಪೂರ್ತಿ ಹಾಕಿದೆ. ತಲೆ ಮೇಲೆ ಮುಖ ತೆರೆದಿರುವ ಹೆಲ್ಮೆಟ್ ಇದೆ.

ಚಿಕ್ಕಮಗಳೂರಿನ ಕಂಪೋಸಿಟರ್: ಹಾಗಾದರೆ ಮೊದಲು ಎನ್‌ಹ್ಯಾನ್ಸರ್ ಆಫ್ ಮಾಡಿ ಒಮ್ಮೆ ಓಡಿಸಿ. ಅದು ಪ್ರತಿ ಫ್ರೇಮಿಗೂ ಚರ್ಮದ ವಿವರ ಹೊಸದಾಗಿ ಊಹಿಸುತ್ತದೆ. ಹಿಂದಿನ ಫ್ರೇಮ್ ಏನಿತ್ತು ಅಂತ ಅದಕ್ಕೆ ಗೊತ್ತೇ ಇಲ್ಲ. ಅದಕ್ಕೇ ಕೆನ್ನೆ ಕುದಿಯುವ ಹಾಲಿನ ಹಾಗೆ ಕಾಣೋದು. ಮಾಡೆಲ್ ಕೊಡುವುದು 128 ಪಿಕ್ಸೆಲ್ ಚೌಕ. ಮುಖ ಇಷ್ಟು ಚಿಕ್ಕದಿರುವಾಗ ಅದನ್ನು ಜಾಸ್ತಿ ಹಿಗ್ಗಿಸಬೇಕಾಗಿಲ್ಲ, ಎನ್‌ಹ್ಯಾನ್ಸರ್ ಬೇಕಾಗೋದೇ ಅನುಮಾನ.

ಇನ್ನು ನಡುಕ. ಕಣ್ಣು, ಮೂಗು, ಬಾಯಿಯ ಐದು ಗುರುತುಗಳನ್ನು ಡಿಟೆಕ್ಟರ್ ಪ್ರತಿ ಫ್ರೇಮಲ್ಲೂ ಬೇರೆಯಾಗಿ ಹುಡುಕುತ್ತದೆ. ನಿಮ್ಮ ಶಾಟಿನಲ್ಲಿ ಎರಡು ಕಣ್ಣಿನ ನಡುವೆ 60 ಪಿಕ್ಸೆಲ್ ಇದೆ ಅಂದುಕೊಳ್ಳಿ. ಒಂದು ಕಣ್ಣಿನ ಗುರುತು ಒಂದೂವರೆ ಪಿಕ್ಸೆಲ್ ಮೇಲೆ ಹೋದರೆ ಕಣ್ಣಿನ ಗೆರೆ ಸುಮಾರು 1.4 ಡಿಗ್ರಿ ವಾಲುತ್ತದೆ. ಅಷ್ಟೇ ವಾಲಿದರೂ ಗಲ್ಲ ಪಕ್ಕಕ್ಕೆ ಸುಮಾರು 3 ಪಿಕ್ಸೆಲ್ ಸರಿಯುತ್ತದೆ. ಐದೂ ಗುರುತು ಸೇರಿ ಲೆಕ್ಕ ಹಾಕುವುದರಿಂದ ಸ್ವಲ್ಪ ತಗ್ಗುತ್ತದೆ, ಹೋಗೋದಿಲ್ಲ.

ಸಾಮಾನ್ಯವಾಗಿ ಗುರುತುಗಳನ್ನು ಕಾಲದ ಉದ್ದಕ್ಕೆ ನಯ ಮಾಡಿ, ಆಮೇಲೆ ಮುಖ ಕೂರಿಸುತ್ತೇವೆ. ನಿಮ್ಮಲ್ಲಿ ತೊಡಕು ಏನಂದರೆ ಬೈಕ್ ನಿಜವಾಗಿಯೂ ಕುಲುಕುತ್ತದೆ. ಸುಮ್ನೆ ನಯ ಮಾಡಿದರೆ ತಲೆ ಕುಲುಕುತ್ತದೆ, ಮುಖ ತೇಲುತ್ತದೆ. ಅದು ಇನ್ನೂ ಅಸಹ್ಯ. ಅದಕ್ಕೆ ಹೆಲ್ಮೆಟ್ ಮೇಲಿನ ಒಂದು ಸ್ಟಿಕ್ಕರನ್ನೋ ಸ್ಕ್ರೂವನ್ನೋ ಟ್ರ್ಯಾಕ್ ಮಾಡಿ. ಗುರುತುಗಳಿಂದ ಆ ಚಲನೆ ಕಳೆಯಿರಿ, ಉಳಿದದ್ದನ್ನು ನಯ ಮಾಡಿ, ಮತ್ತೆ ಕೂಡಿಸಿ:

```python
from scipy.signal import savgol_filter
rel = pts - head[:, None]
pts = savgol_filter(rel, 9, 2, axis=0) + head[:, None]
```

`pts` ಅಂದರೆ ಎಲ್ಲ ಫ್ರೇಮಿನ ಐದು ಗುರುತುಗಳು, `head` ಹೆಲ್ಮೆಟ್ಟಿನ ಗುರುತು. 9 ಫ್ರೇಮ್ ಅಂದರೆ ಮೂರನೇ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಕಟ್ ದಾಟಿ ನಯ ಮಾಡಬೇಡಿ, ಶಾಟಿಗೊಂದು ಸಲ ಓಡಿಸಿ. ತಲೆ ಪಕ್ಕಕ್ಕೆ ವಾಲುತ್ತಿದ್ದರೆ ಒಂದು ಗುರುತು ಸಾಲದು, ಎರಡು ಬೇಕು.

ಅರಸೀಕೆರೆಯಿಂದ: ಅಣ್ಣಾ, ತೀರಿಹೋದ ನಮ್ಮ ತಂದೆಯ ಒಂದೇ ಫೋಟೋ ಇದೆ. ತಂಗಿ ಮದುವೆ ವಿಡಿಯೊದಲ್ಲಿ ಧಾರೆ ಎರೆಯುವ ದೊಡ್ಡಪ್ಪನಿಗೆ ಅವರ ಮುಖ ಹಾಕಬಹುದಾ?

ಹಾಸನದ ಎಡಿಟರ್: ಮೊದಲು ಅಮ್ಮನನ್ನು, ದೊಡ್ಡಪ್ಪನನ್ನು ಕೇಳಿ ಮಾರಾಯ್ರೇ. ಇವರ ಪ್ರಶ್ನೆ ಬೇರೆ.

ಮೂಡಿಗೆರೆ: ಹೆಲ್ಮೆಟ್ ಉಪಾಯ ಹಿಡಿಯಿತು! ಎನ್‌ಹ್ಯಾನ್ಸರ್ ತೆಗೆದ ಮೇಲೆ ಕೆನ್ನೆಯೂ ಶಾಂತ. ಆದರೆ ಮರದ ನೆರಳು ಬಿದ್ದಾಗ ಅಲ್ಲಲ್ಲಿ ಒಂದೇ ಫ್ರೇಮ್ ಡೂಪ್ ಮುಖ ಪಕ್ಕನೆ ಬರುತ್ತದೆ. ತಿರುವಿನಲ್ಲಂತೂ ಹಾಗೇ ಇದೆ.

ಚಿಕ್ಕಮಗಳೂರಿನ ಕಂಪೋಸಿಟರ್: ಪಕ್ಕನೆ ಬರೋದು ಆ ಫ್ರೇಮಲ್ಲಿ ಡಿಟೆಕ್ಟರಿಗೆ ಮುಖ ಸಿಗದೆ. ಹಿಂದಿನ ಮುಂದಿನ ಫ್ರೇಮಿನ ಗುರುತುಗಳಿಂದ ಆ ಜಾಗ ತುಂಬಿಸಿ, ಆಮೇಲೆ ನಯ ಮಾಡಿ. ಒಂದೆರಡು ಫ್ರೇಮಿಗೆ ಪರವಾಗಿಲ್ಲ.

ತಿರುವಿನದ್ದು ಬೇರೆ ಕಥೆ. ಈ ಮಾಡೆಲ್ ಮುಖದ ಒಳಭಾಗ ಬದಲಿಸುತ್ತದೆ, ದವಡೆಯ ಅಂಚು ಬಹುಪಾಲು ಡೂಪ್‌ನದ್ದೇ ಉಳಿಯುತ್ತದೆ. ಪಕ್ಕಕ್ಕೆ ತಿರುಗಿದಾಗ ಕಣ್ಣಿಗೆ ಬೀಳೋದೇ ಆ ಅಂಚು.

ಹಾಸನದ ಎಡಿಟರ್: ನಾಯಕನ ಪಕ್ಕದ ಫೋಟೋಗಳನ್ನು ಜಾಸ್ತಿ ಕೊಟ್ಟರೆ?

ಚಿಕ್ಕಮಗಳೂರಿನ ಕಂಪೋಸಿಟರ್: ಇದರಲ್ಲಿ ಫೋಟೋಗಳು ಕೊನೆಗೆ ಒಂದೇ ಸಾಲು ಸಂಖ್ಯೆಗಳಾಗುತ್ತವೆ. ಕೆಲವು ಫೋಟೋಗಳ ಸರಾಸರಿ ಹಾಕಿದರೆ ಹೋಲಿಕೆ ಸ್ವಲ್ಪ ಗಟ್ಟಿಯಾಗಬಹುದು, ದವಡೆ ಬದಲಾಗೋದಿಲ್ಲ. ಇಬ್ಬರ ಮುಖವನ್ನೂ ಎಲ್ಲ ಕೋನದಲ್ಲಿ ಸೆರೆಹಿಡಿದು `DeepFaceLab`ನಲ್ಲಿ ತರಬೇತಿ ಕೊಟ್ಟರೆ ಅದು ಉಪಯೋಗಕ್ಕೆ ಬರುತ್ತದೆ. ಅಲ್ಲೂ ಹೆಲ್ಮೆಟ್ ಪಟ್ಟಿಯ ಕೆಳಗೆ ದವಡೆ ಎಷ್ಟು ಬದಲಾಗುತ್ತದೋ, ನೋಡಿಯೇ ಹೇಳಬೇಕು.

ಮೂಡಿಗೆರೆ: ನಾಯಕ ಭಾನುವಾರ ಸಿಗುತ್ತಾನೆ. ಅದೇ ಹೆಲ್ಮೆಟ್ ಹಾಕಿಸಿ, ಅದೇ ಹೊತ್ತಿನ ಬಿಸಿಲಲ್ಲಿ ತಲೆ ತಿರುಗಿಸೋದು ಶೂಟ್ ಮಾಡುತ್ತೇನೆ. ಆಗದಿದ್ದರೆ ತಿರುವಿನಲ್ಲಿ ಬೈಕ್ ಚಕ್ರದ ಶಾಟ್ ಹಾಕುತ್ತೇನೆ.