ಬೀಮ್ ತೂಕ ಲೆಕ್ಕದಲ್ಲಿ 1293 ಕೆಜಿ, ಕಾಟಾದಲ್ಲಿ 1480. ಕಬ್ಬಿಣದ ಲೆಕ್ಕ ಎಲ್ಲಿ ತಪ್ಪಿದೆ?

ತೋಟದಮನೆ_ಬಾಗೇವಾಡಿ:
ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ. 5 ಮೀಟರ್ ಉದ್ದ, 230 ಅಗಲ, 450 ಎತ್ತರದ ಬೀಮ್. ಕೆಳಗೆ 16ರ ಮೂರು ರಾಡ್, ಮೇಲೆ 12ರ ಎರಡು, 8ರ ರಿಂಗ್ 150ಕ್ಕೊಂದು. ಕಾಂಕ್ರೀಟ್ 2400ರಂತೆ 1242 ಕೆಜಿ ಬಂತು, ಕಬ್ಬಿಣ 51 ಕೂಡಿಸಿದರೆ 1293. ಟ್ರೇಲರ್‌ನಲ್ಲಿ ಹಾಕಿ ಕಬ್ಬಿನ ಗಾಡಿ ತೂಗುವ ಕಾಟಾಕ್ಕೆ ಒಯ್ದರೆ 1480 ತೋರಿಸಿತು. 187 ಕೆಜಿ ಎಲ್ಲಿಂದ ಬಂತು? ಬೇಗ ಹೇಳಿ, ಶನಿವಾರ ಎತ್ತಬೇಕು.

ಕಬ್ಬಿಣ_ಬೆಳಗಾವಿ:
ಕಬ್ಬಿಣದ ಲೆಕ್ಕವೇ ತಪ್ಪಿರುತ್ತದೆ. ರಿಂಗ್‌ನ ಕೊಕ್ಕೆ, ರಾಡ್ ತುದಿಯ ಬಾಗು, ಬೈಂಡಿಂಗ್ ತಂತಿ ಯಾರೂ ಹಿಡಿಯುವುದಿಲ್ಲ. ಇನ್ನೊಂದು, ಆರ್‌ಸಿಸಿಗೆ 2400 ಅಲ್ಲ, 2500 ಹಿಡಿಯಬೇಕು. 1294 ಆಯಿತು, ಅದರ ಮೇಲೆ ಕಬ್ಬಿಣ 51. ಒಟ್ಟು 1345. ಉಳಿದದ್ದು ನೀವು ಬಿಟ್ಟ ರಾಡ್.

ಸೈಟ್_ಕಾಕಾ:
2500ರ ಮೇಲೆ ಮತ್ತೆ ಕಬ್ಬಿಣ ಕೂಡಿಸಿದರೆ ಎರಡು ಸಲ ಎಣಿಸಿದ ಹಾಗೆ. ಐಎಸ್ 456ರಲ್ಲಿ ಬರಿ ಕಾಂಕ್ರೀಟಿಗೆ ಘನಮೀಟರಿಗೆ 24 ಕಿಲೋನ್ಯೂಟನ್, ಆರ್‌ಸಿಸಿಗೆ 25 ಹಿಡಿಯಬಹುದು ಅಂತಿದೆ. ಆ ಹೆಚ್ಚಿನ ಒಂದು ಕಬ್ಬಿಣಕ್ಕೇ ಇಟ್ಟದ್ದು.

ಕಬ್ಬಿಣ_ಬೆಳಗಾವಿ:
25 ಕಿಲೋನ್ಯೂಟನ್ ಅಂದರೆ 2500 ಅಲ್ಲ ಕಾಕಾ, 2550 ಹತ್ತಿರ. ಅದನ್ನಾದರೂ ಸರಿ ಹೇಳಿ.

ಸೈಟ್_ಕಾಕಾ:
2500 ಹಿಡಿದವರು ನೀವು, ನಾನಲ್ಲ. ಇರಲಿ, 2550 ಹಿಡಿದರೂ 1320 ಆಗುತ್ತದೆ, 1480 ಆಗುವುದಿಲ್ಲ.
ಬಾಗೇವಾಡಿಯವರೇ, ನೀವು 2400ಕ್ಕೆ ಕಬ್ಬಿಣ ಬೇರೆ ಕೂಡಿಸಿದ ದಾರಿ ಸರಿಯೇ ಇದೆ. ಒಂದು ಮಾತ್ರ, ಕಬ್ಬಿಣ ಕೂತ ಜಾಗದಲ್ಲಿ ಕಾಂಕ್ರೀಟ್ ಇರುವುದಿಲ್ಲ ಅಲ್ವಾ? 51 ಕೆಜಿಯನ್ನು 7850ರಿಂದ ಭಾಗಿಸಿ, ಆರೂವರೆ ಲೀಟರ್ ಜಾಗ. ಅಷ್ಟು ಕಾಂಕ್ರೀಟ್ ಅಂದರೆ 16 ಕೆಜಿ ಕಳೆಯಬೇಕು. ನಿಜವಾದ ಲೆಕ್ಕ 1277. ಅಂತರ ಇನ್ನೂ ಜಾಸ್ತಿಯೇ ಆಯಿತು.

ಕಬ್ಬಿಣ_ಬೆಳಗಾವಿ:
ಹಾಗಾದರೆ ರಾಡ್ ಇನ್ನೂ ಜಾಸ್ತಿ ಬಿದ್ದಿದೆ. 20ರ ರಾಡ್ ಹಾಕಿರಬೇಕು. ನಮ್ಮ ಮನೆಯದು 300ಕ್ಕೆ 600ರ ಬೀಮ್, ಕೆಳಗೆ 25ರ ಆರು ರಾಡ್. ಕಬ್ಬಿಣ ಹಾಕಿದಷ್ಟೂ ತೂಕ ಬರುತ್ತದೆ.

ಸೈಟ್_ಕಾಕಾ:
ಬರೆದೇ ನೋಡಿ. ಒಂದು ಕೆಜಿ ಕಬ್ಬಿಣ ಸೇರಿಸಿದರೆ ಅದರ ಜಾಗದ 0.3 ಕೆಜಿ ಕಾಂಕ್ರೀಟ್ ಹೊರಗೆ ಹೋಗುತ್ತದೆ. ಉಳಿಯುವುದು 0.7. ಇಲ್ಲಿ ಬೇಕಾದ 203 ಕೆಜಿಯನ್ನು ಬರಿ ಕಬ್ಬಿಣದಿಂದ ತುಂಬಬೇಕಾದರೆ ಇನ್ನೂ 290 ಕೆಜಿ ರಾಡ್ ಬೇಕು. ಈಗಿರುವುದರ ಐದಾರು ಪಟ್ಟು! ಈ ಬೀಮ್‌ನಲ್ಲಿ ವೈಬ್ರೇಟರ್ ಸೂಜಿ ಇಳಿಯಲು ಜಾಗ ಉಳಿಯುತ್ತಿರಲಿಲ್ಲ.
ಕಬ್ಬಿಣ ಬಿಟ್ಟು ಬೇರೆ ಹೇಳಿ. ಖಡಿ ಯಾವುದು? ಉಸುಕು ಯಾವುದು? ಅಳತೆ ನಕ್ಷೆಯದೋ, ಟೇಪ್ ಹಿಡಿದು ಅಳೆದದ್ದೋ?

ಇಳಕಲ್_ಹೊಸಮನೆ:
ನನಗೂ ಇದೇ ತೊಂದರೆ. ಮೊದಲ ಮಹಡಿ ಬೀಮ್ 230ಕ್ಕೆ 450, ಮೇಲೆ 125ರ ಸ್ಲ್ಯಾಬ್. ಬೀಮ್ ಲೋಡ್ ಮೀಟರಿಗೆ 2.6 ಕಿಲೋನ್ಯೂಟನ್ ಅಂತ ಹಾಕಿದೆ, ಎಂಜಿನಿಯರ್ 1.9 ಬರೆದಿದ್ದಾರೆ. ಯಾರು ಸರಿ?

ಸೈಟ್_ಕಾಕಾ:
ನಿಮ್ಮದು ಬೇರೆ ವಿಷಯ. 450ರಲ್ಲಿ ಸ್ಲ್ಯಾಬ್‌ನ 125 ಸೇರಿದೆ ಅಂದುಕೊಂಡಿದ್ದೇನೆ. ಸ್ಲ್ಯಾಬ್ ತೂಕ ಬೇರೆ ಹಿಡಿದಿದ್ದರೆ ಬೀಮ್‌ಗೆ ಕೆಳಗೆ ಇಳಿದ 325 ಮಾತ್ರ. 0.23, 0.325, 25 ಗುಣಿಸಿ, 1.87. ಎಂಜಿನಿಯರ್ ಸರಿ.

ಇಳಕಲ್_ಹೊಸಮನೆ:
ಸ್ಲ್ಯಾಬ್ ಮೇಲೆ 9 ಇಂಚಿನ ಗೋಡೆಯೂ ಬರುತ್ತದೆ, ಅದಕ್ಕೆ ಎಷ್ಟು?

ತೋಟದಮನೆ_ಬಾಗೇವಾಡಿ:
ಅಣ್ಣಾ, ದಯವಿಟ್ಟು ನಿಮ್ಮ ಮನೆಯದು ಬೇರೆ ಕಡೆ ಕೇಳಿ. ಕಾಕಾ, ಅಳತೆ ನಕ್ಷೆಯದು. ಖಡಿ ನಮ್ಮ ಕಡೆಯ ಕರಿಕಲ್ಲು, ಉಸುಕು ಅದೇ ಕ್ವಾರಿಯ ಪುಡಿ. ಬೀಮ್ ಅಣ್ಣನ ಹೊಲದಲ್ಲಿ ನೆಲದ ಮೇಲೆ ಹಾಕಿದ್ದು, ಜೆಸಿಬಿಯಿಂದ ಟ್ರೇಲರಿಗೆ ಏರಿಸಿದೆವು. ಈಗ ನಮ್ಮ ದನದ ಕೊಟ್ಟಿಗೆಯ ಕಂಬಗಳ ಮೇಲೆ ಕೂರಿಸಬೇಕು, ಅಲ್ಲಿಗೆ ಜೆಸಿಬಿ ಬರುವುದಿಲ್ಲ. ಒಂದೂವರೆ ಟನ್ನಿನ ಚೈನ್ ಪುಲ್ಲಿ ಇದೆ. ಅದಕ್ಕೇ ತೂಕ ಕೇಳಿದ್ದು.

ಸೈಟ್_ಕಾಕಾ:
ಇದನ್ನು ಮೊದಲೇ ಹೇಳಬೇಕಿತ್ತು. ಕರಿಕಲ್ಲು ಅಂದರೆ ಡೆಕ್ಕನ್ ಟ್ರ್ಯಾಪ್ ಬಸಾಲ್ಟ್. ಇಳಕಲ್ ಕಡೆಯ ಗ್ರಾನೈಟ್ ಲೀಟರಿಗೆ ಸುಮಾರು 2.65 ಕೆಜಿ, ಗಟ್ಟಿ ಕರಿಕಲ್ಲು 2.85 ಆಸುಪಾಸು. ಒಂದು ಘನಮೀಟರ್ ಕಾಂಕ್ರೀಟ್‌ನಲ್ಲಿ ಖಡಿ, ಉಸುಕು ಸೇರಿ 1850 ಕೆಜಿಯಷ್ಟು ಇರುತ್ತದೆ. ಎರಡೂ ಕರಿಕಲ್ಲೇ ಆದರೆ 100ಕ್ಕಿಂತ ಜಾಸ್ತಿ ಏರುತ್ತದೆ. 2400 ಅನ್ನುವ ಅಂಕಿ ಎಲ್ಲ ಊರಿನ ಕಲ್ಲಿಗೂ ಒಂದೇ ಅಲ್ಲ.
ಕ್ಯೂಬ್ ಹಾಕಿಸಿದ್ದೀರಾ? ಇದ್ದರೆ ತೂಗಿ. 150ರ ಕ್ಯೂಬ್ 8.1 ಕೆಜಿ ಬಂದರೆ 2400. ಎಂಟೂವರೆ ಬಂದರೆ ನಾನು ಹೇಳಿದ್ದು ಸರಿ. ಬೀಮ್‌ಗೂ ಟೇಪ್ ಹಿಡಿಯಿರಿ, ಎರಡು ತುದಿ ಮತ್ತು ನಡುವೆ.

ತೋಟದಮನೆ_ಬಾಗೇವಾಡಿ:
ಮೂರು ಕ್ಯೂಬ್ ಉಳಿದಿದ್ದವು. ಉಳ್ಳಾಗಡ್ಡಿ ತೂಗುವ ತಕ್ಕಡಿಯಲ್ಲಿ 8.50, 8.54, 8.52. ಬೀಮ್ ತುದಿಯಲ್ಲಿ 235 ಅಗಲ, ನಡುವೆ 245. ಎತ್ತರ 455ರಿಂದ 465. ಸೆಂಟ್ರಿಂಗ್ ಹಲಗೆ ಉಬ್ಬಿದೆ ಅಂತ ಗೌಂಡಿ ಈಗ ಒಪ್ಪುತ್ತಿದ್ದಾನೆ.

ಸೈಟ್_ಕಾಕಾ:
ಸಿಕ್ಕಿತು ನೋಡಿ. ಕ್ಯೂಬ್ ಪ್ರಕಾರ 2525. ಸರಾಸರಿ 240ಕ್ಕೆ 460 ಹಿಡಿದರೆ 0.552 ಘನಮೀಟರ್. ಕಬ್ಬಿಣದ ಜಾಗ ಕಳೆದು ಕಾಂಕ್ರೀಟ್ 1377, ಕಬ್ಬಿಣ 51. ಒಟ್ಟು 1428. ಅಗಲ, ಎತ್ತರ ಎರಡೂ 10 ಮಿಲಿಮೀಟರ್ ಉಬ್ಬಿದರೆ ಸುಮಾರು ಏಳು ಪರ್ಸೆಂಟ್ ಏರುತ್ತದೆ. ಇಡೀ ಕಬ್ಬಿಣಕ್ಕಿಂತ ಆ ಉಬ್ಬೇ ಜಾಸ್ತಿ ತೂಗಿತು.
ಉಳಿದ 52 ಕೆಜಿ ತೂಗಿದ ರೀತಿಯಲ್ಲಿ ಹುಡುಕಿ. ಖಾಲಿ ಟ್ರೇಲರ್ ತೂಗಿದಾಗ ಏನೇನು ಇರಲಿಲ್ಲ?

ತೋಟದಮನೆ_ಬಾಗೇವಾಡಿ:
ಬೀಮ್ ಕೆಳಗೆ ಎರಡು ಜಾಲಿ ದಿಮ್ಮಿ ಇಟ್ಟಿದ್ದೆವು, ಅವು ಖಾಲಿ ತೂಕದಲ್ಲಿ ಇರಲಿಲ್ಲ. ಡ್ರೈವರ್ ಎರಡೂ ಸಲ ಕೂತಿದ್ದ. ಅವನ ತಮ್ಮ ಇದ್ದನೋ ಇಲ್ಲವೋ ನೆನಪಿಲ್ಲ.

ಕಬ್ಬಿಣ_ಬೆಳಗಾವಿ:
ಆ 52 ರಾಡೇ. ಬಿಲ್ ನೋಡಿ, ಎಷ್ಟು ಕೆಜಿ ಖರೀದಿ ಆಗಿದೆ ಅಂತ.

ಸೈಟ್_ಕಾಕಾ:
ಬಿಲ್‌ನಲ್ಲಿ ಕಂಬದ ರಾಡೂ ಸೇರಿರುತ್ತದೆ, ಅದರಿಂದ ತಿಳಿಯುವುದಿಲ್ಲ. ದಿಮ್ಮಿ ತೂಗಿದರೆ ತಿಳಿಯುತ್ತದೆ. ಅಲ್ಲಿಯವರೆಗೆ ಎತ್ತಲು 1500 ಅಂತಲೇ ಹಿಡಿಯಿರಿ.
ಒಂದೂವರೆ ಟನ್ ಪುಲ್ಲಿ ಬೇಡ. ನೆಲದಿಂದ ಕಿತ್ತು ಬರುವಾಗ, ಜಗ್ಗಿದಾಗ ಕೊಕ್ಕೆಗೆ ತೂಕಕ್ಕಿಂತ ಜಾಸ್ತಿ ಬೀಳುತ್ತದೆ. 3 ಟನ್ನಿನದು ಬಾಡಿಗೆಗೆ ತನ್ನಿ, ತ್ರಿಪಾದಿಯೂ ಅಷ್ಟೇ ಗಟ್ಟಿ ಇರಲಿ. ನಡುವೆ ಒಂದೇ ಕಡೆ ಕಟ್ಟಿ ಎತ್ತಬೇಡಿ, ಮೇಲಿನ 12ರ ಎರಡೇ ರಾಡ್ ಅಷ್ಟನ್ನೂ ಎಳೆದು ಹಿಡಿಯಬೇಕಾಗುತ್ತದೆ, ಮೇಲೆ ಬಿರುಕು ಬಿಡಬಹುದು. ಎರಡೂ ತುದಿಯಿಂದ ಒಂದೊಂದು ಮೀಟರ್ ಬಿಟ್ಟು ಸ್ಲಿಂಗ್ ಹಾಕಿ. ನಡುವೆ 3 ಮೀಟರ್ ಉಳಿಯುತ್ತದೆ, ಕೊಕ್ಕೆ ಬೀಮ್‌ನಿಂದ 2.6 ಮೀಟರ್ ಮೇಲೆ ಇರಲಿ. ಆಗ ಒಂದೊಂದು ಸ್ಲಿಂಗಿಗೆ 870 ಕೆಜಿ. ಎತ್ತರ ಸಾಲದೆ ಸ್ಲಿಂಗ್ 30 ಡಿಗ್ರಿಗೆ ಇಳಿದರೆ ಒಂದೊಂದಕ್ಕೂ ಪೂರ್ತಿ 1500 ಬೀಳುತ್ತದೆ.

ತೋಟದಮನೆ_ಬಾಗೇವಾಡಿ:
ಕೊಟ್ಟಿಗೆ ಕಂಬವೇ 2.7 ಮೀಟರ್ ಇದೆ ಕಾಕಾ. ಅದರ ಮೇಲೆ ಬೀಮ್, ಅದರ ಮೇಲೆ 2.6 ಅಂದರೆ ತ್ರಿಪಾದಿ 6 ಮೀಟರಿಗೂ ಸಾಲದು. ಹಾಗಾದರೆ ಎರಡು ತುದಿಗೆ ಎರಡು ತ್ರಿಪಾದಿ, ಎರಡು ಪುಲ್ಲಿ ಹಾಕಲಾ?

ಸೈಟ್_ಕಾಕಾ:
ಹಾಕಬಹುದು, ಸ್ಲಿಂಗ್ ನೇರ ಇಳಿಯುತ್ತದೆ. ಆದರೆ ಎರಡೂ ಕಡೆ ಒಂದೇ ಸಮ ಎಳೆಯಬೇಕು, ಒಂದು ಕಡೆ ಮುಂದೆ ಹೋದರೆ ಭಾರ ಹಂಚಿದ್ದು ಕೆಡುತ್ತದೆ. ಹಾಗಾಗಿ ಪುಲ್ಲಿ ಒಂದೊಂದೂ 2 ಟನ್ನಿಗೆ ಕಡಿಮೆ ಬೇಡ. ಕಂಬದ ಪಕ್ಕದ ಫೋಟೋ ಹಾಕಿ, ತ್ರಿಪಾದಿ ಕಾಲು ಎಲ್ಲಿ ನಿಲ್ಲುತ್ತದೆ ನೋಡೋಣ.

ಇಳಕಲ್_ಹೊಸಮನೆ:
ಗೋಡೆ ತೂಕ ಯಾರೂ ಹೇಳಲಿಲ್ಲ.

ತೋಟದಮನೆ_ಬಾಗೇವಾಡಿ:
ದಿಮ್ಮಿ ತೂಗಿದೆ. ಎರಡೂ ಸೇರಿ 38. ಇನ್ನೂ 14 ಉಳಿಯಿತು. ಫೋಟೋ ಬೆಳಿಗ್ಗೆ ಹಾಕುತ್ತೇನೆ, ಈಗ ಕತ್ತಲಾಗಿದೆ.